ಪಾಸ್‌ಪೋರ್ಟ್ ಸೈಜ್ ಅಂಬೋ ಸೈಜೇ ಇಲ್ಲ

ಹೋದ ತಿಂಗಳು ನಮ್ಮ ಕಾಕು ಜರ್ಮನಿ ವೀಸಾಕ್ಕಂತ ಬೆಂಗಳೂರಿಗೆ ಹೋಗಿದ್ರು. ಮಗಳ ಬಾಣಂತನ. ರಾತ್ರಿ ರೈಲಿಗೆ ಹುಬ್ಬಳ್ಳಿಯಿಂದ ಹೊರಟು, ಮುಂಜಾನೆ ಅಲ್ಲೆ ಇಳದು, ಮಾರಿ ತೊಕ್ಕೊಂಡು, ಇನ್ನೊಂದು ಸೀರಿ ಉಟಗೊಂಡು ಅರ್ಜಿ ಕೊಡೋ ಕಚೇರಿಗೆ ಹೋದ್ರು. ಕಾಗದ ಎಲ್ಲಾ ಬರೋಬ್ಬರಿ ಇದ್ವು. ಕೌಂಟರಿನ ಹುಡುಗಿ ಫೋಟೋ ತೊಗೊಂಡು ಒಂದು ಪ್ಲಾಸ್ಟಿಕ್ ಪಟ್ಟಿ ಅದರ ಮ್ಯಾಲೆ ಇಟ್ಟು ನೋಡಿ, "ಈ ಫೋಟೋ ನಡಿಯೂದಿಲ್ಲ ಆಂಟಿ" ಅಂತ ವಾಪಸ್ ಕೊಟ್ಟಳಂತ. ಯಾಕ ಅಂತ ಕೇಳಿದ್ರ "ಫೇಸ್ ಸರಿ ಇಲ್ಲ" ಅಂದಳಂತ. ಅಲ್ಲೇ ಬಾಜೂಕ ರೊಕ್ಕ ಕೊಟ್ಟು ಇನ್ನೊಮ್ಮೆ ಫೋಟೋ ತಗಿಸಿ, ಮತ್ತ ಸಾಲಿನಾಗ ನಿಂತು, ಕೆಲಸ ಮುಗಿಯೂದರಾಗ ಮಧ್ಯಾಹ್ನದ ರೈಲು ತಪ್ಪಿತು.

ರೊಕ್ಕ ಹೋತು, ರೈಲು ಹೋತು, ಅದಕ್ಕೇನೂ ಕಾಕು ಬ್ಯಾಸರ ಮಾಡ್ಕೊಳ್ಳಲಿಲ್ಲ. ಮನಿಗೆ ಬಂದು ನನ್ನ ಮುಂದ ಅವರು ಅಂದಿದ್ದು ಒಂದೇ ಮಾತು: "ನನ್ನ ಮಾರೀನೇ ಸರಿ ಇಲ್ಲ ಅಂದ್ರ ನಾ ಏನ ಮಾಡ್ಲೆವಾ?"

ಆ ಮಾತಿಗೆ ನನಗ ಭಾಳ ಸಿಟ್ಟು ಬಂತು. ಕಾಕೂನ ಮಾರಿ ಸರಿ ಅದ. ಸರಿ ಇರಲಾರದ್ದು ಮಿಲಿಮೀಟರ್. ಎಪ್ಪತ್ತು ವರ್ಷದ ಹೆಣ್ಮಗಳು ತನ್ನ ಮಾರಿ ಮ್ಯಾಲೆ ಅನುಮಾನ ಪಡೋ ಹಂಗ ಆಗಿದ್ದಕ್ಕ ಕಾರಣ ನಾವೆಲ್ಲಾ ದಿನಾ ಆಡೋ ಒಂದು ಸುಳ್ಳು ಶಬ್ದ. "ಪಾಸ್‌ಪೋರ್ಟ್ ಸೈಜ್." ಇವತ್ತು ನಾ ಜಗಳ ತಗ್ಯಾಕ ಹತ್ತಿದ್ದು ಆ ಶಬ್ದದ ಜೋಡಿ.

ಆ ವಾಪಸ್ ಬಂದ ಫೋಟೋ ನಾ ಇಸಗೊಂಡೆ. ನಮ್ಮ ಮಗನ ಕಂಪಾಸ್ ಪೆಟ್ಟಿಗೆಯಿಂದ ಪಟ್ಟಿ ತಗದು ಅಳದು ನೋಡಿದೆ. ಎತ್ತರ ನಲವತ್ಮೂರೂವರಿ ಮಿಲಿಮೀಟರ್, ಅಗಲ 34. ಗದ್ದದಿಂದ ನೆತ್ತಿತನಾ ಮಾರಿ 28. ಆ ವೀಸಾಕ್ಕ ಬೇಕಾಗಿದ್ದು ಎತ್ತರ 45, ಅಗಲ 35, ಮತ್ತ ಗದ್ದದಿಂದ ನೆತ್ತಿತನಾ ಮಾರಿ 32ರಿಂದ 36. ಅಂದ್ರ ಫೋಟೋನೂ ಸಣ್ಣದು, ಅದರೊಳಗಿನ ಮಾರೀನೂ ಸಣ್ಣದು. ಇವು ಎರಡು ಬ್ಯಾರೆ ಬ್ಯಾರೆ ತಪ್ಪು. ಒಂದು ಪ್ರಿಂಟ್ ಹೊಡಿಯೂಮುಂದ ಆಗಿದ್ದು, ಇನ್ನೊಂದು ಅದಕ್ಕೂ ಮೊದಲ, ಫೋಟೋ ಕತ್ತರಿಸೂಮುಂದ ಆಗಿದ್ದು.

ಫೋಟೋ ಹಿಡಕೊಂಡು ಪ್ರಿಂಟ್ ಹೊಡದ ಅಂಗಡಿಗೆ ಹೋದೆ. ಹುಡುಗ ಛಲೋನೇ ಅದಾನ, ಜಗಳಗಂಟ ಅಲ್ಲ. ಕಂಪ್ಯೂಟರ್ ತೋರಿಸಿದ. "ನೋಡ್ರಿ ಅಕ್ಕಾರ, 35 ಬೈ 45 ಅಂತನ ಇಟ್ಟೇನಿ. ಸಿಸ್ಟಮ್ ಒಳಗ ಕರೆಕ್ಟ್ ಅದ" ಅಂದ. ಖರೇನೇ ಇತ್ತು. ಸಿಸ್ಟಮ್ ಒಳಗ ಕರೆಕ್ಟ್, ಕಾಗದದ ಮ್ಯಾಲೆ ತಪ್ಪು. ಇದು ಹ್ಯಾಂಗ ಅಂತ ಗೊತ್ತಾಗಬೇಕಂದ್ರ ಒಂದು ಮಾತು ತಿಳಕೋಬೇಕು. ಅದು ನಮಗ ಅವರಕಿಂತ ಲಗೂನ ತಿಳೀತದ. ಯಾಕಂದ್ರ ನಮಗ ಕಸೂತಿ ಗೊತ್ತದ.

ಕಸೂತಿ ಹಾಕೂಮುಂದ ನಾವೇನ ಮಾಡ್ತೀವಿ? ಅರಿವಿ ಮ್ಯಾಲೆ ಗೆರಿ ಬರಿಯೂದಿಲ್ಲ, ಎಳಿ ಎಣಸ್ತೀವಿ. ಒಂದು ಗೋಪುರಕ್ಕ ಇಷ್ಟು ಎಳಿ ಅಂತ ಲೆಕ್ಕ. ಅದೇ ಲೆಕ್ಕದ ಗೋಪುರ ದಪ್ಪ ನೇಯ್ಗಿ ಅರಿವಿ ಮ್ಯಾಲೆ ದೊಡ್ಡದಾಗ್ತದ, ಸಣ್ಣ ನೇಯ್ಗಿ ಮ್ಯಾಲೆ ಸಣ್ಣದಾಗ್ತದ. ಎಣಿಕಿ ಒಂದೇ, ಅಳತಿ ಬ್ಯಾರೆ. ಫೋನಿನ್ಯಾಗಿನ ಫೋಟೋನೂ ಹಂಗ. ಅದರೊಳಗ ಮಿಲಿಮೀಟರ್ ಇರೂದಿಲ್ಲ, ಬರೇ ಚುಕ್ಕಿ ಎಣಿಕಿ ಇರ್ತದ. ಆ ಚುಕ್ಕಿಗೆ ಪಿಕ್ಸೆಲ್ ಅಂತಾರ. ಒಂದು ಇಂಚಿನ್ಯಾಗ ಎಷ್ಟು ಚುಕ್ಕಿ ಹಾಕಬೇಕು ಅಂತ ಯಾರರ ಹೇಳಿದ ಮ್ಯಾಲೇನೇ ಅದಕ್ಕ ಅಳತಿ ಬರೂದು. ಇಂಚಿಗೆ 300 ಅಂತ ಹಿಡದ್ರ 413 ಚುಕ್ಕಿ ಅಗಲ, 531 ಚುಕ್ಕಿ ಎತ್ತರದ ಫೋಟೋ 35 ಬೈ 45 ಮಿಲಿಮೀಟರ್ ಆಗ್ತದ. ಅದೇ ಫೋಟೋ ಇಂಚಿಗೆ 96 ಅಂತ ಹಿಡದ್ರ 109 ಮಿಲಿಮೀಟರ್ ಅಗಲ ಆಗಿ ಅಂಗೈಗಿಂತ ದೊಡ್ಡದು ಬರ್ತದ. ಒಂದು ಚುಕ್ಕೀನೂ ಬದಲಾಗಿಲ್ಲ.

ಹಿಂಗಾಗಿ "ಫೋಟೋ ಕಳಸೇನಿ, ಪಾಸ್‌ಪೋರ್ಟ್ ಸೈಜ್ ಮಾಡೇನಿ" ಅಂತ ನಿಮ್ಮ ಮಗಾ ಬೆಂಗಳೂರಿನಿಂದ ವಾಟ್ಸಾಪ್ ಮಾಡಿದ್ರ ನಂಬಬ್ಯಾಡ್ರಿ. ಇಂಚಿಗೆ 300 ಅನ್ನೋ ಚೀಟಿ ಫೋಟೋ ಜೋಡಿ ಅಂಟಿರ್ತದ. ದಾರ್ಯಾಗ ಅದು ಉದುರಿ ಹೋಗಬಹುದು, ಉಳದ್ರೂ ಪ್ರಿಂಟ್ ಹೊಡಿಯೋ ಅಂಗಡ್ಯಾಗ ಅದನ್ನ ಯಾರೂ ಓದಲಿಕ್ಕಿಲ್ಲ.

ಇನ್ನ ನಮ್ಮ ಕಾಕೂನ ಫೋಟೋಕ್ಕ ಬರೋಣ. ಹುಡುಗ ಎ4 ಕಾಗದದ ಮ್ಯಾಲೆ ಎಂಟು ಫೋಟೋ ಜೋಡಿಸಿ ಪಿಡಿಎಫ್ ಮಾಡಿದ್ದ. ಪಿಡಿಎಫ್ ಒಳಗ ಮಿಲಿಮೀಟರ್ ಇರ್ತಾವ, ಅದು ಖರೇ ಅಳತಿ. ಅಲ್ಲೀತನಾ ಎಲ್ಲಾ ಸರಿ. ಪ್ರಿಂಟ್ ಒತ್ತೂಮುಂದ ಒಂದು ಡಬ್ಬಿ ತೆರೀತದಲ್ಲ, ಅದರಾಗ "Fit" ಅಂತ ಇತ್ತು. ಅಂವಾ ಅದನ್ನ ಮುಟ್ಟೇ ಇಲ್ಲ, ಅದು ಮೊದಲಿಂದಾನೂ ಹಂಗ ಇತ್ತು. ಪ್ರಿಂಟರಿಗೆ ಕಾಗದದ ಅಂಚಿನತನಾ ಶಾಹಿ ಹಾಕಲಿಕ್ಕೆ ಬರೂದಿಲ್ಲ, ಸುತ್ತಲೂ ಒಂದೀಟು ಜಾಗ ಬಿಡತದ. "Fit" ಅಂದ್ರ "ನನ್ನ ಪೂರಾ ಪಾನ ಆ ಉಳದ ಜಾಗದಾಗ ಹಿಡಸು" ಅಂತ. ಹಿಡಸಬೇಕಂದ್ರ ಎಲ್ಲಾನೂ ಒಂದೀಟು ಕುಗ್ಗಿಸಬೇಕು. ಅಂವನ ಪ್ರಿಂಟರ್ ನೂರಕ್ಕ 97 ಮಾಡಿತ್ತು. ನಲವತ್ತೈದರ 97 ಪಾಲು ಅಂದ್ರ ನಲವತ್ಮೂರೂವರಿ ಮ್ಯಾಲೊಂದೀಟು. ಮೂವತ್ತೈದರದು 34. ನಾ ಅಳದಿದ್ದೂ ಅದೇ.

ಇಲ್ಲೆ ನೀವು ಅನಬಹುದು, "ಒಂದೂವರಿ ಮಿಲಿಮೀಟರಿಗೆ ಏನ ಇಷ್ಟು ದೊಡ್ಡ ರಾಮಾಯಣ ಹಚ್ಚೀಯಲೇ" ಅಂತ. ಒಂದು ಬ್ಲೌಸ್ ಒಂದೂವರಿ ಮಿಲಿಮೀಟರ್ ಬಿಗಿ ಆದ್ರ ನಡೀತದ, ನಾನೂ ಒಪ್ಪತೀನಿ. ಆದ್ರ ಕೌಂಟರಿನ ಹುಡುಗಿ ಕೈಯಾಗಿನ ಪ್ಲಾಸ್ಟಿಕ್ ಪಟ್ಟಿ ಮ್ಯಾಲೆ ಎರಡು ಗೆರಿ ಇರ್ತಾವ. ನೆತ್ತಿ ಆ ಎರಡು ಗೆರಿ ನಡುವ ಬಂದ್ರ ಹೌದು, ಇಲ್ಲಂದ್ರ ಅಲ್ಲ. ಆ ಪಟ್ಟಿಗೆ ಕಾಕೂನ ರಾತ್ರಿ ಪ್ರಯಾಣ ಕಾಣೂದಿಲ್ಲ. ಅದರ ಜೋಡಿ ವಾದ ಮಾಡಲಿಕ್ಕೆ ಬರೂದಿಲ್ಲ, ನಮ್ಮದು ಅಳತಿಗೆ ಸರಿ ಮಾಡ್ಕೊಂಡು ಹೋಗಲಿಕ್ಕೆ ಬರ್ತದ.

ಮತ್ತ ಕುಗ್ಗಿದ್ದು ಬರೇ ಒಂದು ತಪ್ಪು. ಅದನ್ನ ಸರಿ ಮಾಡಿದ್ರೂ ಮಾರಿ 29 ಮಿಲಿಮೀಟರ್ ಆಗ್ತಿತ್ತು, 32 ಆಗ್ತಿರಲಿಲ್ಲ. ಯಾಕಂದ್ರ ನಮ್ಮ ಕಡೆ ಫೋಟೋ ಅಂದ್ರ ಸೆರಗು ಕಾಣಬೇಕು, ಮಂಗಳಸೂತ್ರ ಕಾಣಬೇಕು, ಎರಡೂ ಭುಜ ಕಾಣಬೇಕು. ಮದುವಿ ಸಂಬಂಧ ನೋಡೋ ಫೋಟೋಕ್ಕ ಅದು ಛಂದ. ಈ ಫೋಟೋಕ್ಕ ಮಾರಿ ಮೂರು ಪಾಲು, ಉಳದದ್ದೆಲ್ಲಾ ಸೇರಿ ಒಂದು ಪಾಲು. ಇಷ್ಟು ನೆನಪಿಟ್ರ ಸಾಕು. ಫೋಟೋದ ಎತ್ತರ ನಾಕು ಪಾಲು ಮಾಡ್ರಿ. ಗದ್ದದ ಕೆಳಗಿನ ಅಂಚಿನಿಂದ ನೆತ್ತಿತನಾ ಅದರಾಗ ಮೂರು ಪಾಲು ಬರಬೇಕು. ನಲವತ್ತೈದರ ಮುಕ್ಕಾಲು ಅಂದ್ರ 34ಕ್ಕ ಒಂದೀಟು ಕಡಿಮಿ. ಅದು 32 ಮತ್ತ 36ರ ನಟ್ಟನಡುವ ಬೀಳತದ. ಉಳದ 11 ಮಿಲಿಮೀಟರಿನಾಗ ನೆತ್ತಿ ಮ್ಯಾಲೆ ನಾಕು, ಗದ್ದದ ಕೆಳಗ ಏಳು ಬಿಡ್ರಿ.

ನೆತ್ತಿ ಅಂದ್ರ ತಲಿ ಬುರುಡಿ, ಕೂದಲಾ ಅಲ್ಲ. ನಮ್ಮ ವೈನಿ ಹಂಗ ತುರುಬು ಮ್ಯಾಲೆತ್ತಿ ಕಟ್ಟೋರು ತುರುಬಿನ ತುದಿಯಿಂದ ಅಳದ್ರ ಲೆಕ್ಕ ತಪ್ಪತದ, ಮಾರಿ ಸಣ್ಣದಾಗ್ತದ. ಆವತ್ತೊಂದಿನಾ ಕೂದಲಾ ತಗ್ಗಿನ್ಯಾಗ ಬಾಚಿ ಕಟ್ಟೂದು ಛಲೋ.

ಈಗ ನಾ ಕಾಕೂನ ಫೋಟೋ ಮನ್ಯಾಗ ಮತ್ತ ಹ್ಯಾಂಗ ಮಾಡಿದೆ ಅಂತ ಹೇಳ್ತೀನಿ. ಹೆಂಗೂ ಕಾಕಾಗೂ ವೀಸಾ ಆಗೂದದ, ಅವರದನ್ನೂ ಹಿಂಗೇ ಮಾಡಿದ್ವಿ.

ಬೆಳ್ಳನ ಗ್ವಾಡಿ ಮುಂದ ಕೂಡಿಸಿ, ನಾಕೈದು ಫೂಟ್ ದೂರ ನಿಂತು, ಫೋನ್ ಅವರ ಕಣ್ಣಿನ ಎತ್ತರಕ್ಕ ಹಿಡದು ತಗದೆ. ಹತ್ತರ ಹೋಗಿ ತಗೀಬಾರದು, ಮೂಗು ದಪ್ಪ ಆಗ್ತದ. ದೂರಿಂದ ತಗದು ಆಮ್ಯಾಲೆ ಕತ್ತರಿಸೂದು. ಕತ್ತರಿಸೂಮುಂದ ಅಗಲ 7 ಆದ್ರ ಎತ್ತರ 9, ಅದೇ 35 ಬೈ 45ರ ಪ್ರಮಾಣ. ಮಾರಿ ಮೂರು ಪಾಲು ಬರೋ ಹಂಗ ಚೌಕಟ್ಟು ಹಿಡದೆ.

ಆಮ್ಯಾಲೆ ಲ್ಯಾಪ್‌ಟಾಪಿನಾಗ ವರ್ಡ್ ತಗದು ಎ4 ಪಾನದಾಗ ಆ ಫೋಟೋ ಹಾಕಿದೆ. ಫೋಟೋ ಮ್ಯಾಲೆ ಒತ್ತಿದ್ರ ಎತ್ತರ, ಅಗಲ ಬರಿಯೋ ಜಾಗ ಬರ್ತದ. ಎತ್ತರ 4.5 ಸೆಂಟಿಮೀಟರ್ ಅಂತ ಬರದೆ. ಅಗಲ ತಾನ 3.5 ಆತು. ಇದು ಭಾಳ ಛಲೋ ಪರೀಕ್ಷಾ. ಅಗಲ ತಾನ 3.5 ಆಗಲಿಲ್ಲಂದ್ರ ನೀವು ಕತ್ತರಿಸಿದ್ದೇ ತಪ್ಪು, ಹಿಂದ ಹೋಗಿ ಮತ್ತ ಕತ್ತರಿಸ್ರಿ. ಭಾಳ ಮಂದಿ ಏನ ಮಾಡ್ತಾರ, "Lock aspect ratio" ಅನ್ನೋ ಗುರ್ತು ತಗದು ಅಗಲಾನೂ ಒತ್ತಾಯದಲೆ 3.5 ಮಾಡ್ತಾರ. ಅಳತಿ ಬರ್ತದ ಖರೆ, ಮಾರಿ ಹಪ್ಪಳ ಲಟ್ಟಿಸಿದಂಗ ಹಿಗ್ಗತದ. ಆ ಗುರ್ತು ಮುಟ್ಟಬ್ಯಾಡ್ರಿ.

ಅದೇ ಪಾನದಾಗ ಫೋಟೋದ ಕೆಳಗ ಸರಿಯಾಗಿ 5 ಸೆಂಟಿಮೀಟರ್ ಉದ್ದದ ಒಂದು ಗೆರಿ ಹಾಕಿದೆ. ಈ ಗೆರೀನೇ ನನ್ನ ಸಾಕ್ಷಿ. ಎಲ್ಲಾ ಸೇರಿಸಿ ಪಿಡಿಎಫ್ ಮಾಡಿ ಪೆನ್‌ಡ್ರೈವಿನ್ಯಾಗ ಹಾಕ್ಕೊಂಡು ಅದೇ ಹುಡುಗನ ಅಂಗಡಿಗೆ ಹೋದೆ. ವಾಟ್ಸಾಪಿನ್ಯಾಗ ಕಳಿಸೂದಿದ್ರ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಆ ಪಿಡಿಎಫ್‌ನೇ ಕಳಸ್ರಿ.

ಪ್ರಿಂಟ್ ಡಬ್ಬಿಯೊಳಗ "Fit" ಬಿಟ್ಟು "Actual size" ಒತ್ತಿಸಿದೆ. ಮೊದಲ ಫೋಟೋ ಕಾಗದ ಹಾಕಸಲಿಲ್ಲ. ಬರೇ ಬಿಳಿ ಝೆರಾಕ್ಸ್ ಕಾಗದದ ಮ್ಯಾಲೆ ಒಂದು ಹೊಡೀರಿ ಅಂದೆ. ಗೆರಿ ಅಳದೆ. 50 ಮಿಲಿಮೀಟರ್ ಸರಿಯಾಗಿ ಬಂತು. ಆಮ್ಯಾಲೇನೇ ಹೊಳಿಯೋ ಕಾಗದ ಹಾಕಿಸಿದ್ದು. ಗೆರಿ ಸರಿ ಬಂದ್ರ ಫೋಟೋ ಸರಿ ಇದ್ದೇ ಇರ್ತದ. ಗೆರಿ 48 ಮ್ಯಾಲೆ ಅರ್ಧ ಬಂದಿದ್ರ "Fit" ಇನ್ನೂ ಎಲ್ಲೋ ಕುಂತದ ಅಂತ ತಿಳೀಬೇಕು.

ಗೆರಿ ದೊಡ್ಡದು ಬಂದ್ರ? ಅದೂ ಆಗ್ತದ. ಸ್ಟುಡಿಯೋದಾಗ 4 ಬೈ 6 ಇಂಚಿನ ಕಾಗದದ ಮ್ಯಾಲೆ ಅಂಚು ಬಿಡದಂಗ ಪ್ರಿಂಟ್ ಹೊಡೀತಾರಲ್ಲ, ಅದಕ್ಕ ಬಾರ್ಡರ್‌ಲೆಸ್ ಅಂತಾರ. ಅಂಚಿಗೆ ಬಿಳಿ ಗೆರಿ ಉಳೀಬಾರದು ಅಂತ ಮಷೀನು ಚಿತ್ರ ಒಂದೀಟು ಹಿಗ್ಗಿಸಿ ಕಾಗದದಕಿಂತ ಆಚೀಕ ಹರಿಸ್ತದ. ನಮ್ಮ 5 ಸೆಂಟಿಮೀಟರ್ ಗೆರಿ 51 ಮ್ಯಾಲೆ ಅರ್ಧ ಬಂತು ಅಂತ ಇಟಗೋರಿ. ಅಂದ್ರ ನೂರಕ್ಕ ಮೂರು ಹಿಗ್ಗೇದ, ನಲವತ್ತೈದರ ಫೋಟೋ ನಲವತ್ತಾರು ಮ್ಯಾಲಾಗ್ತದ. "ಬಾರ್ಡರ್‌ಲೆಸ್ ತಗೀರಿ, ಅಂಚು ಬಿಟ್ಟು ಹೊಡೀರಿ" ಅಂದ್ರ ಹಿಗ್ಗೂದು ನಿಲ್ಲತದ. ಹೆಂಗೂ ಕತ್ತರಿಸಿ ಒಗಿಯೋ ಅಂಚು ಅದು, ಬಿಳಿ ಇದ್ರ ಯಾರಿಗೇನ ತ್ರಾಸು?

ಅಳಿಯೂದರ ಬಗ್ಗೆನೂ ಒಂದು ಮಾತು. ಟೇಲರ್ ಟೇಪ್ ತೊಗೋಬ್ಯಾಡ್ರಿ, ಅದು ಹಳೇದಾದಂಗ ಜಗ್ಗತದ. ಹುಡುಗರ ಪ್ಲಾಸ್ಟಿಕ್ ಪಟ್ಟಿ ಛಲೋ. ಆದ್ರ ಭಾಳಷ್ಟು ಪಟ್ಟಿಗೆ ತುದಿಯಿಂದ ಸೊನ್ನೀತನಾ ಒಂದೀಟು ಖಾಲಿ ಜಾಗ ಇರ್ತದ. ಪಟ್ಟಿ ತುದಿ ಹಚ್ಚಿ ಅಳದ್ರ ನಾಕೈದು ಮಿಲಿಮೀಟರ್ ತಪ್ಪು. ಸೊನ್ನಿ ಗೆರಿ ಹಚ್ಚಿ ಅಳೀರಿ. ಚಾಳೀಸು ಹಾಕ್ಕೊಂಡು ಅಳೀರಿ. ನಾನೂ ಹಾಕ್ಕೊಂಡೇ ಅಳದೇನಿ.

ಈಗ ಮತ್ತ ಆ ಶಬ್ದಕ್ಕ ಬರ್ತೀನಿ. "ಪಾಸ್‌ಪೋರ್ಟ್ ಸೈಜ್ ಫೋಟೋ ಎಂಟು ಕಾಪಿ" ಅಂತ ಹೇಳಿ ನಾವು ಕುರ್ಚಿ ಮ್ಯಾಲೆ ಕೂಡತೀವಿ. ಯಾವ ಪಾಸ್‌ಪೋರ್ಟ್, ಯಾವ ದೇಶದ್ದು, ಏನಕ್ಕ ಅಂತ ನಾವೂ ಹೇಳೂದಿಲ್ಲ, ಅವರೂ ಕೇಳೂದಿಲ್ಲ. ಅಮೆರಿಕಾ ವೀಸಾಕ್ಕ ಬೇಕಾದದ್ದು 2 ಇಂಚ್ ಬೈ 2 ಇಂಚ್ ಚೌಕ, ಅಂದ್ರ 51 ಮಿಲಿಮೀಟರ್ ಎರಡೂ ಕಡೆ. ನಮ್ಮ 35 ಬೈ 45ನ್ನ ಎಷ್ಟು ಕತ್ತರಿಸಿದ್ರೂ ಅದು ಆಗೂದಿಲ್ಲ. ಪ್ಯಾನ್ ಕಾರ್ಡಿನ ಕಾಗದದ ಅರ್ಜಿ ಮ್ಯಾಲೆ ಹಚ್ಚೂದು 3.5 ಬೈ 2.5 ಸೆಂಟಿಮೀಟರ್, ಅದು ಇನ್ನೂ ಸಣ್ಣದು. ನಮ್ಮ ದೇಶದ ಪಾಸ್‌ಪೋರ್ಟಿಗೇ ನೋಡ್ರಿ, ದೊಡ್ಡವರ ಫೋಟೋ ಪಾಸ್‌ಪೋರ್ಟ್ ಸೇವಾ ಕೇಂದ್ರದಾಗ ಅವರೇ ತಗೀತಾರ. ನಾಕು ವರ್ಷದ ಒಳಗಿನ ಕೂಸಿಗೆ ಮಾತ್ರ 4.5 ಬೈ 3.5 ಸೆಂಟಿಮೀಟರ್, ಬಿಳಿ ಹಿನ್ನೆಲಿದು ನಾವೇ ಒಯ್ಯಬೇಕು. ಅಂದ್ರ "ಪಾಸ್‌ಪೋರ್ಟ್ ಸೈಜ್" ಅಂತ ನಾವು ಹೊಡಸೋ ಫೋಟೋ ನಮ್ಮ ಸ್ವಂತ ಪಾಸ್‌ಪೋರ್ಟಿಗೇ ಬೇಕಾಗೂದಿಲ್ಲ. ಹಂಗಿದ್ರ ಅದೆಂಥಾ ಹೆಸರು ಅದು?

ನಮ್ಮ ಓಣ್ಯಾಗ ಒಬ್ರು ಅಂದ್ರು, "ಈಗೆಲ್ಲಾ ಆನ್‌ಲೈನ್ ಅಲ್ಲೇನವಾ, ಮಿಲಿಮೀಟರ್ ಯಾರು ಕೇಳ್ತಾರ?" ಆನ್‌ಲೈನ್ ಅರ್ಜಿ ಕೇಳೂದು ಚುಕ್ಕಿ ಎಣಿಕಿ, ಮತ್ತ ಫೈಲ್ ಎಷ್ಟು ಕೆಬಿ ಅಂತ. ಕಾಗದದ ಅರ್ಜಿ ಕೇಳೂದು ಮಿಲಿಮೀಟರ್. ಎರಡೂ ಬ್ಯಾರೆ. ಆನ್‌ಲೈನಿನ್ಯಾಗ ಸ್ವೀಕಾರ ಆದ ಫೋಟೋನೇ ಪ್ರಿಂಟ್ ಹೊಡಸಿ ಒಯ್ದು ವಾಪಸ್ ಬಂದೋರು ಇದ್ದಾರ. ಒಂದು ಪರೀಕ್ಷಾ ಪಾಸಾದ್ರ ಇನ್ನೊಂದೂ ಪಾಸಾದಂಗ ಅಲ್ಲ.

ಇನ್ನೊಬ್ರು ಅಂದ್ರು, "ಸ್ಟುಡಿಯೋದವರ ಹೊಟ್ಟಿ ಮ್ಯಾಲೆ ಯಾಕ ಹೊಡೀತಿ?" ನಾ ಹೊಡ್ಯಾಕ ಹತ್ತಿಲ್ಲ. ಬೆಳಕು ಹ್ಯಾಂಗ ಹಿಡೀಬೇಕು, ನೆರಳು ಬೀಳದಂಗ ಹ್ಯಾಂಗ ಕೂಡಸಬೇಕು ಅನ್ನೂದು ಅವರಿಗೆ ನನಕಿಂತ ಛಲೋ ಗೊತ್ತದ. ಅವರ ಹತ್ರನೇ ತಗಸ್ರಿ. ಆದ್ರ ಬಾಯಿಬಿಟ್ಟು ಹೇಳ್ರಿ: "ಜರ್ಮನಿ ವೀಸಾಕ್ಕ. ಅಗಲ 35, ಎತ್ತರ 45 ಮಿಲಿಮೀಟರ್. ಗದ್ದದಿಂದ ನೆತ್ತಿತನಾ 34. ಪ್ರಿಂಟ್ ಹೊಡಿಯೂಮುಂದ ಸೈಜ್ ಕುಗ್ಗಿಸಬ್ಯಾಡ್ರಿ, ಹಿಗ್ಗಿಸಬ್ಯಾಡ್ರಿ." ನಿಮಗ ಬೇಕಾದ ಅಳತಿ ಆ ಅರ್ಜಿ ಜೋಡಿ ಕೊಡೋ ಸೂಚನಾದಾಗ ಬರದಿರ್ತದ, ಅದನ್ನ ಚೀಟಿ ಮ್ಯಾಲೆ ಬರಕೊಂಡು ಹೋಗ್ರಿ. ಫೋಟೋ ಕೈಗೆ ಬಂದ ಮ್ಯಾಲೆ, ರೊಕ್ಕ ಕೊಡೂಕಿಂತ ಮೊದಲ, ಅಲ್ಲೇ ಅಳೀರಿ. ಒಂದು ಗಜ ಅರಿವಿ ತೊಗೊಳ್ಳೂಮುಂದ ಅಂಗಡ್ಯಾಂವ ಎಳದು ಅಳದನೋ, ಸಡ್ಲ ಬಿಟ್ಟು ಅಳದನೋ ಅಂತ ಕಣ್ಣಿಟ್ಟು ನೋಡೋರು ನಾವು. ಫೋಟೋ ಮಾತ್ರ ಲಕೋಟಿ ತೆರೀದ ಪರ್ಸಿನ್ಯಾಗ ಹಾಕ್ಕೊಂಡು ಬರ್ತೀವಿ.

ನಮ್ಮ ಹುಡುಗ ಈಗ ಅಂಗಡ್ಯಾಗ ಒಂದು ಪಟ್ಟಿ ಇಟ್ಟಾನ. "ಅಕ್ಕಾರ, ಎಷ್ಟು ಮಂದಿಗೆ ಹಿಂಗ ಕೊಟ್ಟೇನೋ ಏನೋ" ಅಂತ ಅಂದ. ಅಂವಂದೂ ತಪ್ಪಲ್ಲ. ಇಷ್ಟು ವರ್ಷದಾಗ ಯಾರೂ ಅಳದು ವಾಪಸ್ ತಂದಿರಲಿಲ್ಲ, ನಾನೇ ಮೊದಲು ಅಂತ.

ಕಾಕಾ ಮುಂದಿನ ಸೋಮವಾರ ಹೊರಡೋರಿದ್ದಾರ. ಅವರ ಫೋಟೋ 35 ಬೈ 45, ಮಾರಿ 34. ನಾನೂ ಅಳದೇನಿ, ಕಾಕೂನೂ ಚಾಳೀಸು ಹಾಕ್ಕೊಂಡು ಎರಡು ಸಲ ಅಳದಾರ. ಅಳದು ಮುಗಿಸಿ, ತಮ್ಮ ವಾಪಸ್ ಬಂದ ಹಳೇ ಫೋಟೋ ಬಾಜೂಕ ಇಟಗೊಂಡು ನೋಡಿದ್ರು. "ಮಾರಿ ಸರಿನೇ ಇತ್ತಲ್ಲ ನಂದು" ಅಂದ್ರು.

ಸರಿನೇ ಇತ್ತು ಕಾಕು. ಇವತ್ತು ಸಂಜೀಮುಂದ ನೀವೂ ಒಮ್ಮೆ ಟ್ರಂಕಿನ್ಯಾಗಿನ ಫೋಟೋ ಲಕೋಟಿ ತಗದು ಅಳೀರಿ. ಎಷ್ಟು ಬಂತು ಅಂತ ನನಗ ಹೇಳ್ರಿ.